ಅಮೈನ್‌ಗಳಲ್ಲಿ ಯಾವುದು ಪ್ರಬಲ ಪ್ರತ್ಯಾಮ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ಅಮೈನ್‌ಗಳ ಪ್ರತ್ಯಾಮ್ಲ ಗುಣ ಹೋಲಿಸುವಾಗ ನಿಜವಾಗಿ ಏನನ್ನು ನೋಡಬೇಕು?

ಹೆಚ್ಚಿನವರು ನೈಟ್ರೋಜನ್ ಮೇಲಿನ ಒಂಟಿ ಜೋಡಿಯನ್ನು ಮಾತ್ರ ನೋಡುತ್ತಾರೆ. ಇಲೆಕ್ಟ್ರಾನ್ ಸಾಂದ್ರತೆ ಜಾಸ್ತಿ ಇದ್ದರೆ ಪ್ರಬಲ, ಕಡಿಮೆ ಇದ್ದರೆ ದುರ್ಬಲ ಅಂತ ಬರೆದು ಮುಗಿಸುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿಂದ. ನೀರಿನಲ್ಲಿ ನಡೆಯುವುದು ಒಂದು ಸಮತೋಲನ:

```
B + H2O ⇌ BH+ + OH-
```

ಎಡಗಡೆ ಬರಿ ಅಮೈನ್ ಇದೆ, ಬಲಗಡೆ ಪ್ರೊಟಾನ್ ಹೊತ್ತ ಅಯಾನು ಇದೆ. ಬಲಗಡೆಯ ಅಯಾನು ನೆಮ್ಮದಿಯಾಗಿದ್ದರೆ ಪ್ರತ್ಯಾಮ್ಲ ಗುಣ ಏರುತ್ತದೆ. ಎಡಗಡೆಯ ಅಮೈನೇ ಈಗಾಗಲೇ ನೆಮ್ಮದಿಯಾಗಿದ್ದರೆ ಪ್ರತ್ಯಾಮ್ಲ ಗುಣ ಇಳಿಯುತ್ತದೆ. ಈ ಎರಡನ್ನೂ ದ್ರಾವಕ ಸುತ್ತುವರಿದಿರುತ್ತದೆ, ಅದು ಒಂದು ಕಡೆಗೆ ಹೆಚ್ಚು ಆಸರೆ ಕೊಟ್ಟರೆ ಕ್ರಮವೇ ಬದಲಾಗಬಹುದು. ಹಾಗಾಗಿ ಯಾವ ದ್ರಾವಕದಲ್ಲಿ ಅಂತ ಹೇಳದೆ ಕ್ರಮ ಹೇಳಿದರೆ ಅದು ಅರ್ಧ ಉತ್ತರ. ಕೆಳಗಿನ ಎಲ್ಲ ಉತ್ತರಗಳೂ ಈ ಒಂದು ಮಾತಿನಿಂದಲೇ ಹೊರಡುತ್ತವೆ.

pKa ನೋಡಬೇಕೋ, pKb ನೋಡಬೇಕೋ?

ಯಾವುದಾದರೂ ಒಂದು ಸಾಕು. ನೀರಿನಲ್ಲಿ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡರ ಮೊತ್ತ 14. ಈ ಪುಟದಲ್ಲಿ pKa ಅಂದರೆ ಯಾವಾಗಲೂ BH+ ಅಯಾನಿನ pKa. ಅದು ದೊಡ್ಡದಾದಷ್ಟೂ ಅಮೈನ್ ಪ್ರಬಲ ಪ್ರತ್ಯಾಮ್ಲ. pKb ಬಳಸಿದರೆ ತಿರುಗುಮುರುಗು: ಚಿಕ್ಕದಾದಷ್ಟೂ ಪ್ರಬಲ. ಪರೀಕ್ಷೆಯಲ್ಲಿ ಅಂಕ ಹೋಗುವುದು ಬಹಳ ಸಲ ಈ ತಿರುವಿನಲ್ಲೇ, ರಸಾಯನಶಾಸ್ತ್ರ ಗೊತ್ತಿಲ್ಲದೆ ಅಲ್ಲ.

ಒಂದೊಂದು ಮೀಥೈಲ್ ಗುಂಪೂ ಇಲೆಕ್ಟ್ರಾನ್ ತಳ್ಳುತ್ತದೆ ಅಲ್ವಾ? ಹಾಗಿದ್ದರೆ ಟ್ರೈಮೀಥೈಲ್ಅಮೈನ್ ಯಾಕೆ ಮೊದಲ ಸ್ಥಾನದಲ್ಲಿಲ್ಲ?

ನೀರಿನಲ್ಲಿ ಅಳೆದ pKa ಬೆಲೆಗಳು ಹೀಗಿವೆ: ಅಮೋನಿಯ 9.25, ಮೀಥೈಲ್ಅಮೈನ್ 10.64, ಡೈಮೀಥೈಲ್ಅಮೈನ್ 10.73, ಟ್ರೈಮೀಥೈಲ್ಅಮೈನ್ 9.80. ಮೊದಲ ಮೀಥೈಲ್ ದೊಡ್ಡ ಜಿಗಿತ ಕೊಡುತ್ತದೆ. ಎರಡನೆಯದು ಹೆಚ್ಚುಕಮ್ಮಿ ಏನೂ ಕೊಡುವುದಿಲ್ಲ. ಮೂರನೆಯದು ಕೆಳಗೆ ಎಳೆಯುತ್ತದೆ.

ಈಗ ನೀರನ್ನು ಪೂರ್ತಿ ತೆಗೆದುಬಿಡೋಣ. ಅನಿಲ ಸ್ಥಿತಿಯಲ್ಲಿ, ಒಂದೊಂದೇ ಅಣು ತನ್ನಷ್ಟಕ್ಕೆ ಇರುವಾಗ, ಪ್ರೊಟಾನ್ ಹಿಡಿದುಕೊಂಡರೆ ಎಷ್ಟು ಮುಕ್ತ ಶಕ್ತಿ ಬಿಡುಗಡೆಯಾಗುತ್ತದೆ ಅಂತ ಅಳೆದಿದ್ದಾರೆ. ಅಮೋನಿಯಕ್ಕೆ ಮೋಲ್‌ಗೆ 819 ಕಿಲೋಜೂಲ್. ಮೀಥೈಲ್ಅಮೈನ್‌ಗೆ 864.5, ಡೈಮೀಥೈಲ್ಅಮೈನ್‌ಗೆ 896.5, ಟ್ರೈಮೀಥೈಲ್ಅಮೈನ್‌ಗೆ 918. ಇಲ್ಲಿ ಕ್ರಮ ನೇರವಾಗಿದೆ: ಮೀಥೈಲ್ ಜಾಸ್ತಿಯಾದ ಹಾಗೆ ಪ್ರತ್ಯಾಮ್ಲ ಗುಣವೂ ಜಾಸ್ತಿ. ಅಂದರೆ ಮೀಥೈಲ್ ಇಲೆಕ್ಟ್ರಾನ್ ತಳ್ಳುತ್ತದೆ ಅನ್ನುವ ನಿಮ್ಮ ಮಾತು ಸರಿಯಾಗಿಯೇ ಇದೆ. ನೀರಿನ ಪಾಲು ಅದರಲ್ಲಿ ಸೇರಿಲ್ಲ, ಅಷ್ಟೇ.

ನೀರು ಎಷ್ಟು ಪಾಲು ತೆಗೆದುಕೊಳ್ಳುತ್ತದೆ ಅಂತ ಲೆಕ್ಕ ಹಾಕಬಹುದು. 25 ಡಿಗ್ರಿಯಲ್ಲಿ ಒಂದು pKa ಅಂದರೆ ಮೋಲ್‌ಗೆ ಸುಮಾರು 5.7 ಕಿಲೋಜೂಲ್. ಅಮೋನಿಯದಿಂದ ಮೀಥೈಲ್ಅಮೈನ್‌ಗೆ ಹೋದಾಗ ನೀರಿನಲ್ಲಿ ಸಿಗುವ ಲಾಭ 1.39 ಘಟಕ, ಅಂದರೆ 8 ಕಿಲೋಜೂಲ್. ಅನಿಲ ಸ್ಥಿತಿಯಲ್ಲಿ ಸಿಕ್ಕಿದ್ದು 45.5. ನಡುವೆ ಸುಮಾರು 37 ಕಿಲೋಜೂಲ್ ಕಾಣೆಯಾಗಿದೆ. ಎರಡನೇ ಮೀಥೈಲ್‌ಗೆ ಅನಿಲ ಸ್ಥಿತಿಯ ಲಾಭ 32, ನೀರಿನಲ್ಲಿ ಅರ್ಧ ಕಿಲೋಜೂಲ್. ಇಲ್ಲಿ ಕಾಣೆಯಾಗಿದ್ದು ಸುಮಾರು 31. ಮೂರನೆಯದಕ್ಕೆ ಅನಿಲ ಸ್ಥಿತಿಯ ಲಾಭ 21.5, ನೀರಿನಲ್ಲಿ 5 ಕಿಲೋಜೂಲ್ ನಷ್ಟ. ಕಾಣೆಯಾಗಿದ್ದು ಸುಮಾರು 27.

ಇದೆಲ್ಲ ಎಲ್ಲಿ ಹೋಯಿತು? ಅಮೋನಿಯಂ ಅಯಾನಿನಲ್ಲಿ ನಾಲ್ಕು N–H ಬಂಧಗಳಿವೆ. ಒಂದೊಂದೂ ನೀರಿನ ಅಣುವಿನ ಜೊತೆ ಗಟ್ಟಿಯಾದ ಹೈಡ್ರೋಜನ್ ಬಂಧ ಕಟ್ಟುತ್ತದೆ, ಆ ಮೂಲಕ ಧನ ಆವೇಶ ಸುತ್ತಲಿನ ನೀರಿಗೂ ಹಂಚಿಹೋಗುತ್ತದೆ. ಒಂದು ಮೀಥೈಲ್ ಬಂದರೆ ಮೂರು N–H ಉಳಿಯುತ್ತವೆ, ಎರಡು ಬಂದರೆ ಎರಡು, ಮೂರು ಬಂದರೆ ಒಂದೇ ಒಂದು. ಪ್ರತಿ ಮೀಥೈಲ್ ಕೂಡ ನೀರು ಹಿಡಿಯುವ ಒಂದು ಕೈಯನ್ನು ಕಿತ್ತುಕೊಳ್ಳುತ್ತದೆ, ಅದರ ಜೊತೆಗೆ ಜಾಗವನ್ನೂ ಆಕ್ರಮಿಸುತ್ತದೆ. ಇಲೆಕ್ಟ್ರಾನ್ ತಳ್ಳುವುದರಿಂದ ಬರುವ ಲಾಭ ಮೀಥೈಲ್‌ನಿಂದ ಮೀಥೈಲ್‌ಗೆ ಬೇಗ ಬೇಗ ಕರಗುತ್ತಾ ಹೋಗುತ್ತದೆ: 45, 32, 21. ನೀರಿನ ನಷ್ಟ ಅಷ್ಟು ಬೇಗ ಕರಗುವುದಿಲ್ಲ: 37, 31, 27. ಮೂರನೇ ಹೆಜ್ಜೆಯಲ್ಲಿ ನಷ್ಟ ಲಾಭವನ್ನು ದಾಟಿಬಿಡುತ್ತದೆ.

ಇದನ್ನು ಕೆಲವು ಕಡೆ ಮೂರು ಗುಂಪುಗಳು ಒತ್ತರಿಸಿಕೊಂಡು ಪ್ರೊಟಾನ್‌ಗೆ ದಾರಿ ಬಿಡುವುದಿಲ್ಲ ಅಂತ ವಿವರಿಸುತ್ತಾರೆ. ನನಗೆ ಆ ವಿವರಣೆ ಒಪ್ಪಿಗೆಯಿಲ್ಲ. ಪ್ರೊಟಾನ್ ಎಷ್ಟು ಚಿಕ್ಕದು ಅಂದರೆ ಅದಕ್ಕೆ ಟ್ರೈಮೀಥೈಲ್ಅಮೈನ್‌ನಲ್ಲಿ ಯಾವ ಅಡ್ಡಿಯೂ ಇಲ್ಲ. ಅನಿಲ ಸ್ಥಿತಿಯ ಅಂಕಿಯೇ ಅದಕ್ಕೆ ಸಾಕ್ಷಿ. ಒತ್ತಡ ಇರುವುದು ಪ್ರೊಟಾನ್‌ಗಲ್ಲ, ಅಯಾನಿನ ಸುತ್ತ ಸೇರಬೇಕಾದ ನೀರಿಗೆ.

ಈಥೈಲ್ ಸರಣಿಯ ಕ್ರಮ ಬೇರೆ ಇದೆಯಲ್ಲ?

ಹೌದು. ಈಥೈಲ್ಅಮೈನ್ 10.71, ಡೈಈಥೈಲ್ಅಮೈನ್ 11.00, ಟ್ರೈಈಥೈಲ್ಅಮೈನ್ 10.75. ಮೀಥೈಲ್‌ನಲ್ಲಿ ಕ್ರಮ ದ್ವಿತೀಯಕ, ಪ್ರಾಥಮಿಕ, ತೃತೀಯಕ. ಈಥೈಲ್‌ನಲ್ಲಿ ದ್ವಿತೀಯಕ, ತೃತೀಯಕ, ಪ್ರಾಥಮಿಕ. ಈಥೈಲ್ ಗುಂಪು ದೊಡ್ಡದು, ಧನ ಆವೇಶವನ್ನು ಮೀಥೈಲ್‌ಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಹಾಗಾಗಿ ನೀರಿನಿಂದಾದ ನಷ್ಟವನ್ನು ಅದು ಬಹುಪಾಲು ತುಂಬಿಕೊಡುತ್ತದೆ.

ಒಂದು ಮಾತು ಗಮನಿಸಿ. ಈಥೈಲ್‌ನ ಪ್ರಾಥಮಿಕ ಮತ್ತು ತೃತೀಯಕ ಅಮೈನ್‌ಗಳ ನಡುವಿನ ಅಂತರ ತೀರಾ ಚಿಕ್ಕದು, 0.04 ಅಷ್ಟೇ. ಬೇರೆ ಬೇರೆ ಪಟ್ಟಿಗಳಲ್ಲಿ ಈ ಎರಡರ ಜಾಗ ಅದಲುಬದಲಾಗಿ ಕಂಡರೆ ಗಾಬರಿ ಬೇಡ. ಎರಡೂ ಪರಿಣಾಮಗಳು ಸಮಸಮ ನಿಂತಾಗ ತರ್ಕದಿಂದ ಕ್ರಮ ಹೇಳಲಾಗುವುದಿಲ್ಲ, ಅಳತೆಯನ್ನೇ ನಂಬಬೇಕು. ದ್ವಿತೀಯಕ ಅಮೈನ್ ಮುಂದಿರುವುದು ಮಾತ್ರ ಎರಡೂ ಸರಣಿಗಳಲ್ಲಿ ಒಂದೇ.

ನೀರು ಬಿಟ್ಟು ಬೇರೆ ದ್ರಾವಕದಲ್ಲಿ ಅನಿಲ ಸ್ಥಿತಿಯ ಕ್ರಮ ವಾಪಸ್ ಬರುತ್ತದೆಯೇ?

ಹೈಡ್ರೋಜನ್ ಬಂಧ ಕಟ್ಟಲಾಗದ ದ್ರಾವಕವಾದರೆ ಬರುತ್ತದೆ. ಬ್ಯೂಟೈಲ್ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ನೀರಿನಲ್ಲಿ ಬ್ಯೂಟೈಲ್ಅಮೈನ್ 10.61, ಡೈಬ್ಯೂಟೈಲ್ಅಮೈನ್ 11.28, ಟ್ರೈಬ್ಯೂಟೈಲ್ಅಮೈನ್ 9.87. ಮೀಥೈಲ್ ಸರಣಿಯ ಹಾಗೆಯೇ ತೃತೀಯಕ ಕೊನೆಗೆ ಬಿದ್ದಿದೆ. ಇದೇ ಮೂರನ್ನು ಕ್ಲೋರೋಬೆಂಜೀನ್‌ನಲ್ಲಿ ಹೋಲಿಸಿದರೆ ಟ್ರೈಬ್ಯೂಟೈಲ್ಅಮೈನ್ ಮೊದಲು, ನಂತರ ಡೈಬ್ಯೂಟೈಲ್ಅಮೈನ್, ಕೊನೆಗೆ ಬ್ಯೂಟೈಲ್ಅಮೈನ್. ಅಣುಗಳು ಅವೇ. ಬದಲಾದದ್ದು ಸುತ್ತಲಿನ ದ್ರಾವಕ ಮಾತ್ರ.

ಅನಿಲೀನ್ ಇಷ್ಟೊಂದು ದುರ್ಬಲ ಯಾಕೆ? ಅನುರಣನ ಒಂದೇ ಕಾರಣವೇ?

ಅನಿಲೀನ್‌ನ pKa 4.60. ಅದಕ್ಕೆ ಸರಿಜೋಡಿ ಸೈಕ್ಲೋಹೆಕ್ಸೈಲ್ಅಮೈನ್, ಅದರ pKa ಸುಮಾರು 10.65. ಎರಡರಲ್ಲೂ ಆರು ಕಾರ್ಬನ್‌ಗಳ ಉಂಗುರ, ಎರಡರಲ್ಲೂ NH2. ಆದರೂ ಸಮತೋಲನ ಸ್ಥಿರಾಂಕದಲ್ಲಿ ಸುಮಾರು 10 ಲಕ್ಷ ಪಟ್ಟು ವ್ಯತ್ಯಾಸ. pH ಮೀಟರ್‌ನಲ್ಲೇ ಇದು ಕಾಣುತ್ತದೆ: 0.1 ಮೋಲಾರ್ ಅನಿಲೀನ್ ದ್ರಾವಣದ pH ಸುಮಾರು 8.8, ಅಷ್ಟೇ ಸಾಂದ್ರತೆಯ ಮೀಥೈಲ್ಅಮೈನ್‌ನದು ಸುಮಾರು 11.8.

ಪುಸ್ತಕಗಳು ಕೊಡುವ ಕಾರಣ ಅನುರಣನ. ಒಂಟಿ ಜೋಡಿ ಬೆಂಜೀನ್ ಉಂಗುರದ ಒಳಗೆ ಹಂಚಿಹೋಗಿರುತ್ತದೆ, ಅದರಿಂದ ಬರಿ ಅನಿಲೀನ್ ನೆಮ್ಮದಿಯಾಗಿರುತ್ತದೆ. ಪ್ರೊಟಾನ್ ಹಿಡಿದ ಕೂಡಲೇ ಆ ಹಂಚಿಕೆ ನಿಂತುಹೋಗುತ್ತದೆ. ಇದು ನಿಜ. ಆದರೆ ಇದೊಂದೇ ಅಲ್ಲ. ಬೆಂಜೀನ್ ಉಂಗುರದ ಕಾರ್ಬನ್ sp2, ಅದು sp3 ಕಾರ್ಬನ್‌ಗಿಂತ ಇಲೆಕ್ಟ್ರಾನ್‌ಗಳನ್ನು ತನ್ನ ಕಡೆ ಜಾಸ್ತಿ ಎಳೆಯುತ್ತದೆ. ಈ ಪ್ರೇರಣಾ ಪರಿಣಾಮ ಅನುರಣನ ಇಲ್ಲದಿದ್ದರೂ ಉಳಿಯುತ್ತದೆ.

ಎರಡನ್ನೂ ಬೇರೆ ಮಾಡಿ ತೂಗಿ ನೋಡಲು ಒಂದು ಅಣು ಇದೆ: ಬೆಂಜೋಕ್ವಿನುಕ್ಲಿಡೀನ್. ಇದರಲ್ಲಿ ನೈಟ್ರೋಜನ್ ಬೆಂಜೀನ್ ಉಂಗುರಕ್ಕೇ ಅಂಟಿಕೊಂಡಿದೆ. ಆದರೆ ಅದನ್ನು ಒಂದು ಪಂಜರದೊಳಗೆ ಬಿಗಿದು ಹಿಡಿದಿರುವುದರಿಂದ ಒಂಟಿ ಜೋಡಿ ಉಂಗುರದ ಪೈ ಇಲೆಕ್ಟ್ರಾನ್‌ಗಳ ಕಡೆಗೆ ತಿರುಗಲಾಗುವುದಿಲ್ಲ. ಅಂದರೆ ಉಂಗುರ ಇದೆ, ಅನುರಣನ ಇಲ್ಲ. ಇದರ pKa ಸುಮಾರು 7.8. ಇದಕ್ಕೆ ಹೋಲಿಸಬೇಕಾದದ್ದು N,N-ಡೈಮೀಥೈಲ್ಅನಿಲೀನ್, ಅದರ pKa ಸುಮಾರು 5.1, ಅಲ್ಲಿ ಅನುರಣನ ಇದೆ. ಇನ್ನೊಂದು ಕಡೆ ಬೆಂಜೀನ್ ಉಂಗುರವೇ ಇಲ್ಲದ ಕ್ವಿನುಕ್ಲಿಡೀನ್, ಅದರದು ಸುಮಾರು 11.

5.1ರಿಂದ 7.8ರವರೆಗಿನ ಏರಿಕೆ ಅನುರಣನ ತಪ್ಪಿದ್ದರಿಂದ ಬಂದದ್ದು. 7.8ರಿಂದ 11ರವರೆಗೆ ಉಳಿದ ಅಂತರ ಉಂಗುರದ ಎಳೆತದ್ದು. ಎರಡೂ ಹತ್ತಿರ ಹತ್ತಿರ ಮೂರು ಘಟಕ. ಅನಿಲೀನ್‌ನ ದೌರ್ಬಲ್ಯದ ಸುಮಾರು ಅರ್ಧ ಪಾಲು ಪ್ರೇರಣಾ ಪರಿಣಾಮಕ್ಕೆ ಸೇರುತ್ತದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಉತ್ತರದಲ್ಲಿ ಅನುರಣನ ಅಂತ ಮಾತ್ರ ಬರೆದು ನಿಲ್ಲಿಸುವುದು ಯಾಕೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಕಂಡಿಲ್ಲ.

ಅನಿಲೀನ್ ಅಮೋನಿಯಕ್ಕಿಂತ ಯಾವಾಗಲೂ ದುರ್ಬಲವೇ?

ನೀರಿನಲ್ಲಿ ಹೌದು. ಅನಿಲ ಸ್ಥಿತಿಯಲ್ಲಿ ಅಲ್ಲ. ಅಲ್ಲಿ ಅನಿಲೀನ್‌ಗೆ 851 ಕಿಲೋಜೂಲ್, ಅಮೋನಿಯಕ್ಕೆ 819. ಅನಿಲೀನ್ ಮೋಲ್‌ಗೆ ಸುಮಾರು 32 ಕಿಲೋಜೂಲ್ ಮುಂದಿದೆ! ನೀರಿಗೆ ಬಂದರೆ ಅದು 4.65 ಘಟಕ, ಅಂದರೆ 26 ಕಿಲೋಜೂಲ್‌ಗೂ ಮಿಕ್ಕಿ ಹಿಂದೆ ಬೀಳುತ್ತದೆ.

ಹಾಗಾದರೆ ಅನುರಣನದ ಮಾತು ಸುಳ್ಳೇ? ಅಲ್ಲ. ಹೋಲಿಕೆಯ ಜೋಡಿ ಸರಿಯಿಲ್ಲ, ಅಷ್ಟೇ. ಅಮೋನಿಯ ಪುಟ್ಟ ಅಣು. ಪ್ರೊಟಾನ್ ಹಿಡಿದರೆ ಪೂರ್ತಿ ಆವೇಶವನ್ನು ಒಂದು ನೈಟ್ರೋಜನ್ ಮತ್ತು ನಾಲ್ಕು ಹೈಡ್ರೋಜನ್‌ಗಳೇ ಹೊರಬೇಕು. ಅನಿಲೀನ್‌ಗೆ ದೊಡ್ಡ ಉಂಗುರವಿದೆ, ಅದರ ಇಲೆಕ್ಟ್ರಾನ್ ಮೋಡ ಆವೇಶದ ಕಡೆಗೆ ಬಾಗಿ ಆಸರೆ ಕೊಡುತ್ತದೆ. ನೀರಿನಲ್ಲಿ ಆ ಆಸರೆಗೆ ಬೆಲೆ ಕಡಿಮೆ, ಯಾಕೆಂದರೆ ಪುಟ್ಟ ಅಮೋನಿಯಂ ಅಯಾನಿಗೆ ನೀರೇ ಅದಕ್ಕಿಂತ ದೊಡ್ಡ ಆಸರೆ.

ಅನುರಣನದ ಪರಿಣಾಮ ನೋಡಬೇಕಾದರೆ ಗಾತ್ರ ಒಂದೇ ಇರುವ ಜೋಡಿ ಬೇಕು, ಅಂದರೆ ಮತ್ತೆ ಸೈಕ್ಲೋಹೆಕ್ಸೈಲ್ಅಮೈನ್. ಅನಿಲ ಸ್ಥಿತಿಯಲ್ಲಿ ಅದಕ್ಕೆ ಸುಮಾರು 900 ಕಿಲೋಜೂಲ್, ಅನಿಲೀನ್‌ಗೆ 851. ನೀರಿನಲ್ಲೂ ಸೈಕ್ಲೋಹೆಕ್ಸೈಲ್ಅಮೈನೇ ಮುಂದೆ, ಅನಿಲ ಸ್ಥಿತಿಯಲ್ಲೂ ಅದೇ ಮುಂದೆ. ಉಂಗುರದ ಪರಿಣಾಮ ದ್ರಾವಕ ಬದಲಾದರೂ ಉಳಿಯಿತು. ಅಮೋನಿಯದ ಜೊತೆಗಿನ ಕ್ರಮ ಮಾತ್ರ ಮಗುಚಿತು.

ಬೆಂಜೈಲ್ಅಮೈನ್‌ನಲ್ಲೂ ಬೆಂಜೀನ್ ಉಂಗುರ ಇದೆ. ಅದನ್ನು ಯಾವ ಗುಂಪಿಗೆ ಸೇರಿಸಬೇಕು?

ಪ್ರತ್ಯಾಮ್ಲ ಗುಣದ ಮಟ್ಟಿಗೆ ಅಲಿಫ್ಯಾಟಿಕ್ ಗುಂಪಿಗೆ. ನೈಟ್ರೋಜನ್ ಮತ್ತು ಉಂಗುರದ ನಡುವೆ ಒಂದು CH2 ಇದೆ, ಒಂಟಿ ಜೋಡಿ ಉಂಗುರಕ್ಕೆ ಹರಿಯಲಾಗುವುದಿಲ್ಲ. pKa 9.33. ಉಂಗುರದ ಎಳೆತ ದೂರದಿಂದ ತುಸು ತಟ್ಟುವುದರಿಂದ ಮೀಥೈಲ್ಅಮೈನ್‌ಗಿಂತ ಕಡಿಮೆ.

ಮೀಥಾಕ್ಸಿ ಗುಂಪು ಪ್ಯಾರಾ ಜಾಗದಲ್ಲಿ ಪ್ರತ್ಯಾಮ್ಲ ಗುಣ ಏರಿಸುತ್ತದೆ, ಮೆಟಾ ಜಾಗದಲ್ಲಿ ಇಳಿಸುತ್ತದೆ. ಒಂದೇ ಗುಂಪು ಎರಡು ರೀತಿ ವರ್ತಿಸುವುದು ಹೇಗೆ?

ಪ್ಯಾರಾ ಮೀಥಾಕ್ಸಿ ಅನಿಲೀನ್ 5.34, ಅನಿಲೀನ್ 4.60, ಮೆಟಾ ಮೀಥಾಕ್ಸಿ ಅನಿಲೀನ್ 4.23. ಆಕ್ಸಿಜನ್ ಎರಡು ಕೆಲಸ ಮಾಡುತ್ತದೆ. ಸಿಗ್ಮಾ ಬಂಧಗಳ ಮೂಲಕ ಇಲೆಕ್ಟ್ರಾನ್ ಎಳೆಯುತ್ತದೆ, ತನ್ನ ಒಂಟಿ ಜೋಡಿಯ ಮೂಲಕ ಉಂಗುರಕ್ಕೆ ಇಲೆಕ್ಟ್ರಾನ್ ಕೊಡುತ್ತದೆ. ಕೊಡುವ ಇಲೆಕ್ಟ್ರಾನ್ ಬಂದು ಸೇರುವುದು ಆರ್ಥೋ ಮತ್ತು ಪ್ಯಾರಾ ಕಾರ್ಬನ್‌ಗಳ ಮೇಲೆ. NH2 ಪ್ಯಾರಾದಲ್ಲಿದ್ದರೆ ಆ ಕೊಡುಗೆ ಅದಕ್ಕೆ ಸಿಗುತ್ತದೆ. ಮೆಟಾದಲ್ಲಿದ್ದರೆ ನೇರವಾಗಿ ಸಿಗುವುದಿಲ್ಲ, ಎಳೆತ ಮಾತ್ರ ತಟ್ಟುತ್ತದೆ. ಹಾಗಾಗಿ ಗುಂಪನ್ನು ಇದು ಕೊಡುವುದು, ಇದು ಎಳೆಯುವುದು ಅಂತ ಒಂದೇ ಪಟ್ಟಿಗೆ ಸೇರಿಸಿಬಿಡಬೇಡಿ. ಜಾಗವನ್ನೂ ಕೇಳಿ.

ನೈಟ್ರೋ ಗುಂಪು ಹೇಗಿದ್ದರೂ ಎಳೆಯುವುದೇ. ಆದರೂ ಪ್ಯಾರಾ ಮತ್ತು ಮೆಟಾ ನಡುವೆ ಅಷ್ಟು ವ್ಯತ್ಯಾಸ ಯಾಕೆ?

ಇದನ್ನು ಲೆಕ್ಕದಿಂದಲೇ ನೋಡೋಣ. ಅಮೆರಿಕದ ಲೂಯಿಸ್ ಹ್ಯಾಮೆಟ್ 1930ರ ದಶಕದಲ್ಲಿ ಒಂದು ಸರಳ ಸೂತ್ರ ಕೊಟ್ಟರು. ಬದಲಿ ಗುಂಪಿನ ಎಳೆಯುವ ಅಥವಾ ಕೊಡುವ ಬಲಕ್ಕೆ ಸಿಗ್ಮಾ ಅನ್ನುವ ಸಂಖ್ಯೆ. ಎಳೆದರೆ ಧನ, ಕೊಟ್ಟರೆ ಋಣ. ನೀರಿನಲ್ಲಿ ಅನಿಲೀನ್‌ಗಳಿಗೆ ಸೂತ್ರ ಹೆಚ್ಚುಕಮ್ಮಿ ಹೀಗಾಗುತ್ತದೆ:

```
pKa = 4.60 - 2.88 × σ
```

ಮೊದಲು ಮೀಥಾಕ್ಸಿಯಲ್ಲೇ ಪರೀಕ್ಷಿಸಿ. ಪ್ಯಾರಾ ಜಾಗದ ಸಿಗ್ಮಾ -0.27. ಲೆಕ್ಕ 5.38 ಕೊಡುತ್ತದೆ, ಅಳತೆ 5.34. ಮೆಟಾ ಜಾಗದ ಸಿಗ್ಮಾ +0.12. ಲೆಕ್ಕ 4.25, ಅಳತೆ 4.23. ಸೊಗಸಾಗಿ ಹೊಂದುತ್ತದೆ. ಮೆಟಾ ನೈಟ್ರೋಗೆ ಸಿಗ್ಮಾ 0.71. ಲೆಕ್ಕ 2.56, ಅಳತೆ 2.46. ಇದೂ ಪರವಾಗಿಲ್ಲ.

ಈಗ ಪ್ಯಾರಾ ನೈಟ್ರೋ. ಸಿಗ್ಮಾ 0.78, ಮೆಟಾಗಿಂತ ಸ್ವಲ್ಪ ಮಾತ್ರ ಜಾಸ್ತಿ. ಲೆಕ್ಕದ ಪ್ರಕಾರ pKa 2.35 ಬರಬೇಕು. ಅಳೆದರೆ 1.0! ಸೂತ್ರ ಒಂದಕ್ಕಿಂತ ಜಾಸ್ತಿ ಘಟಕ ತಪ್ಪಿದೆ.

ಈ ತಪ್ಪೇ ನಮಗೆ ಕಾರಣ ತೋರಿಸುತ್ತದೆ. ಹ್ಯಾಮೆಟ್ ಸಿಗ್ಮಾ ಬೆಲೆಗಳನ್ನು ಬೆಂಜೋಯಿಕ್ ಆಮ್ಲಗಳಿಂದ ಪಡೆದರು. ಅಲ್ಲಿ ನೈಟ್ರೋ ಗುಂಪಿಗೂ ಪ್ರೊಟಾನ್ ಬಿಡುವ ಆಕ್ಸಿಜನ್‌ಗೂ ನಡುವೆ ನೇರ ಅನುರಣನ ಇಲ್ಲ. ಪ್ಯಾರಾ ನೈಟ್ರೋಅನಿಲೀನ್‌ನಲ್ಲಿ ಇದೆ. NH2ದ ಒಂಟಿ ಜೋಡಿ ಉಂಗುರ ದಾಟಿ ನೇರ ನೈಟ್ರೋದ ಆಕ್ಸಿಜನ್‌ವರೆಗೆ ಹರಿಯುತ್ತದೆ. ಇದರಿಂದ ಸಮತೋಲನದ ಎಡಗಡೆಯ ಬರಿ ಅಮೈನ್ ವಿಶೇಷವಾಗಿ ನೆಮ್ಮದಿ ಪಡೆಯುತ್ತದೆ. ಇಂಥ ಸಂದರ್ಭಕ್ಕೆ ಸಿಗ್ಮಾ ಮೈನಸ್ ಅನ್ನುವ ಬೇರೆ ಬೆಲೆ ಇದೆ, ಪ್ಯಾರಾ ನೈಟ್ರೋಗೆ 1.27. ಅದನ್ನು ಹಾಕಿದರೆ 0.94 ಬರುತ್ತದೆ, ಅಳತೆಗೆ ಹತ್ತಿರ. ಮೆಟಾ ಜಾಗದಿಂದ ಈ ನೇರ ಹರಿವು ಸಾಧ್ಯವಿಲ್ಲ, ಅದಕ್ಕೇ ಅಲ್ಲಿ ಸಾಮಾನ್ಯ ಸಿಗ್ಮಾ ಸಾಕಾಯಿತು.

ಇದನ್ನು ಕಣ್ಣಲ್ಲೂ ನೋಡಬಹುದು. ಪ್ಯಾರಾ ನೈಟ್ರೋಅನಿಲೀನ್‌ನ ಹಳದಿ ಬಣ್ಣಕ್ಕೆ ಈ ಹರಿವೇ ಕಾರಣ. ಅದರ ತೆಳು ದ್ರಾವಣಕ್ಕೆ HCl ಸೇರಿಸಿ ಆಮ್ಲದ ಸಾಂದ್ರತೆ 1 ಮೋಲಾರ್ ಆಗುವಂತೆ ಮಾಡಿದರೆ ಸುಮಾರು 90 ಶೇಕಡಾ ಪ್ರೊಟಾನ್ ಹಿಡಿಯುತ್ತದೆ. ಒಂಟಿ ಜೋಡಿ ಬಂಧಕ್ಕೆ ಬಳಕೆಯಾಗಿ ಹರಿವು ನಿಲ್ಲುತ್ತದೆ, ಹಳದಿ ಬಹುಪಾಲು ಮಾಸುತ್ತದೆ. ಕ್ಷಾರ ಸೇರಿಸಿದರೆ ಹಳದಿ ಮತ್ತೆ ಬರುತ್ತದೆ. ಆರ್ಥೋ ನೈಟ್ರೋಅನಿಲೀನ್‌ಗೆ ಇದೇ ಪ್ರಯೋಗ ಮಾಡಿದರೆ ಬಣ್ಣ ಬಹುಪಾಲು ಹಾಗೇ ಉಳಿಯುತ್ತದೆ, ಯಾಕೆಂದರೆ ಅದರ pKa ಸೊನ್ನೆಗಿಂತಲೂ ಕೆಳಗೆ, -0.26.

ಆರ್ಥೋ ಜಾಗಕ್ಕೆ ಯಾಕೆ ಬೇರೆ ನಿಯಮ?

ನಿಜ ಹೇಳಬೇಕೆಂದರೆ ಆರ್ಥೋಗೆ ಒಂದೇ ನಿಯಮ ಇಲ್ಲ. ಪ್ಯಾರಾ ಟೊಲುಯಿಡೀನ್ 5.08, ಆರ್ಥೋ ಟೊಲುಯಿಡೀನ್ 4.44. ಮೀಥೈಲ್ ಇಲೆಕ್ಟ್ರಾನ್ ಕೊಡುವ ಗುಂಪಾದರೂ ಆರ್ಥೋದಲ್ಲಿ ಅನಿಲೀನ್‌ಗಿಂತ ಕೆಳಗೆ ಇಳಿಸಿತು. ಪಕ್ಕದಲ್ಲೇ ಮೀಥೈಲ್ ಇದ್ದರೆ NH3+ ಸುತ್ತ ನೀರು ಸರಿಯಾಗಿ ಸೇರಲಾಗುವುದಿಲ್ಲ. ಆರ್ಥೋ ನೈಟ್ರೋದಲ್ಲಿ ಕಾರಣ ಬೇರೆ: ಪಕ್ಕದ NH2 ಮತ್ತು NO2 ನಡುವೆ ಅಣುವಿನ ಒಳಗೇ ಹೈಡ್ರೋಜನ್ ಬಂಧ ಏರ್ಪಟ್ಟು ಬರಿ ಅಮೈನ್ ಇನ್ನಷ್ಟು ನೆಮ್ಮದಿಯಾಗುತ್ತದೆ, ಎಳೆತವೂ ತೀರಾ ಹತ್ತಿರದಿಂದ ತಟ್ಟುತ್ತದೆ. ಹ್ಯಾಮೆಟ್ ಸೂತ್ರವನ್ನು ಆರ್ಥೋಗೆ ಬಳಸದಿರುವುದು ಇದಕ್ಕೇ.

ಗಾತ್ರದಿಂದ ಯಾವಾಗಲೂ ಪ್ರತ್ಯಾಮ್ಲ ಗುಣ ಇಳಿಯುತ್ತದೆ ಅಂತಲೂ ಅಲ್ಲ. 2,4,6-ಟ್ರೈನೈಟ್ರೋಅನಿಲೀನ್‌ನ ನೈಟ್ರೋಜನ್ ಮೇಲೆ ಎರಡು ಮೀಥೈಲ್ ಹಾಕಿದರೆ ಪ್ರತ್ಯಾಮ್ಲ ಗುಣ ಸುಮಾರು 40,000 ಪಟ್ಟು ಏರುತ್ತದೆ. ಸಾಮಾನ್ಯ ಅನಿಲೀನ್‌ಗೆ ಎರಡು ಮೀಥೈಲ್ ಹಾಕಿದರೆ ಸಿಗುವುದು ಬರಿ ಅರ್ಧ ಘಟಕ, ಅಂದರೆ ಸುಮಾರು 3 ಪಟ್ಟು. ಟ್ರೈನೈಟ್ರೋದಲ್ಲಿ ಎರಡು ಪಕ್ಕದ ನೈಟ್ರೋಗಳು N(CH3)2 ಗುಂಪನ್ನು ಒತ್ತಿ ಉಂಗುರದ ಸಮತಲದಿಂದ ಹೊರಗೆ ತಿರುಗಿಸುತ್ತವೆ. ಒಂಟಿ ಜೋಡಿಯ ಹರಿವು ಕಡಿದುಹೋಗುತ್ತದೆ, ಅದು ಪ್ರೊಟಾನ್‌ಗೆ ಸಿಗುತ್ತದೆ.

ಅಸಿಟೋನೈಟ್ರೈಲ್‌ನಲ್ಲಿ ಅನಿಲೀನ್‌ನ pKa 10.6 ಅಂತ ಓದಿದೆ. ಅಂದರೆ ಅಲ್ಲಿ ಅದು ಪ್ರಬಲ ಪ್ರತ್ಯಾಮ್ಲವಾಯಿತೇ?

ಇಲ್ಲ. ಒಂದು ದ್ರಾವಕದ pKaಯನ್ನು ಇನ್ನೊಂದರ ಜೊತೆ ನೇರ ಹೋಲಿಸುವುದು ತಪ್ಪು. ಅಸಿಟೋನೈಟ್ರೈಲ್ ಪ್ರೊಟಾನನ್ನು ನೀರಿನಷ್ಟು ಚೆನ್ನಾಗಿ ಹಿಡಿದುಕೊಳ್ಳುವುದಿಲ್ಲ, ಹಾಗಾಗಿ ಎಲ್ಲ ಅಮೈನ್‌ಗಳ pKaಯೂ ಮೇಲಕ್ಕೆ ಹೋಗುತ್ತದೆ. ಅಲ್ಲಿ ಅಮೋನಿಯ ಸುಮಾರು 16.5, ಟ್ರೈಈಥೈಲ್ಅಮೈನ್ 18.8. ಅನಿಲೀನ್ ಅಲ್ಲೂ ಹಿಂದೆಯೇ ಇದೆ. ಒಂದೇ ದ್ರಾವಕದೊಳಗಿನ ಅಂತರಗಳನ್ನು ಮಾತ್ರ ನೋಡಿ.

ಅಸಿಟಿಕ್ ಆಮ್ಲದಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ನೀರಿಲ್ಲದ ಅಸಿಟಿಕ್ ಆಮ್ಲವೇ ಪ್ರೊಟಾನ್ ಕೊಡುವಂಥದ್ದು. ಅಲ್ಲಿ ಅನಿಲೀನ್‌ನಂಥ ದುರ್ಬಲ ಪ್ರತ್ಯಾಮ್ಲವೂ ಪ್ರಬಲವಾದದ್ದರ ಹಾಗೆ ವರ್ತಿಸುತ್ತದೆ. ಇದರಿಂದ ಒಂದು ಲಾಭ ಇದೆ. ನೀರಿನಲ್ಲಿ ಅನಿಲೀನ್‌ಗೆ HCl ಹಾಕಿ ಟೈಟ್ರೇಷನ್ ಮಾಡಿದರೆ ಅಂತ್ಯಬಿಂದು ಮಸುಕು ಮಸುಕಾಗಿರುತ್ತದೆ. ಅಸಿಟಿಕ್ ಆಮ್ಲದಲ್ಲಿ ಪರ್ಕ್ಲೋರಿಕ್ ಆಮ್ಲದಿಂದ, ಕ್ರಿಸ್ಟಲ್ ವಯಲೆಟ್ ಸೂಚಕದೊಂದಿಗೆ ಮಾಡಿದರೆ ಚುರುಕಾಗಿ ಸಿಗುತ್ತದೆ. ನಷ್ಟವೂ ಇದೆ: ಅನಿಲೀನ್ ಮತ್ತು ಅಲಿಫ್ಯಾಟಿಕ್ ಅಮೈನ್ ಎರಡೂ ಇದ್ದರೆ ಅಲ್ಲಿ ಬೇರೆ ಬೇರೆಯಾಗಿ ಕಾಣುವುದಿಲ್ಲ, ಒಟ್ಟು ಮೊತ್ತ ಮಾತ್ರ ಸಿಗುತ್ತದೆ.

ಈ ವ್ಯತ್ಯಾಸ ಪ್ರಯೋಗಾಲಯದಲ್ಲಿ ಯಾವ ಕೆಲಸಕ್ಕೆ ಬರುತ್ತದೆ?

ಬೇರ್ಪಡಿಸುವುದಕ್ಕೆ. ಬೆಂಜೈಲ್ಅಮೈನ್ ಮತ್ತು ಅನಿಲೀನ್ ಬೆರೆತಿವೆ ಅಂದುಕೊಳ್ಳಿ. ಎರಡೂ ಅಮೈನ್ ಅಂತ ಹೆಚ್ಚುವರಿ HCl ಹಾಕಿ ಕುಲುಕಿದರೆ ಎರಡೂ ಲವಣವಾಗಿ ನೀರಿಗೆ ಇಳಿಯುತ್ತವೆ, ಏನೂ ಬೇರ್ಪಡುವುದಿಲ್ಲ. ಇಲ್ಲಿ ಬೇಕಾದದ್ದು 4.60 ಮತ್ತು 9.33ರ ನಡುವಿನ ಒಂದು pH, ಸುಮಾರು 7.

pH 7ರಲ್ಲಿ ಬೆಂಜೈಲ್ಅಮೈನ್‌ನ ಅಯಾನು ಮತ್ತು ಬರಿ ಅಮೈನ್‌ನ ಅನುಪಾತ 10ರ ಘಾತ 2.33, ಅಂದರೆ ಸುಮಾರು 214ಕ್ಕೆ 1. ಶೇಕಡಾ 99.5 ಅಯಾನಾಗಿರುತ್ತದೆ. ಅನಿಲೀನ್‌ಗೆ ಅನುಪಾತ 10ರ ಘಾತ -2.4. ಅಯಾನಾಗುವುದು ಶೇಕಡಾ 0.4 ಮಾತ್ರ.

ಕೆಲಸಕ್ಕೆ ಇಳಿಸಿದರೆ ಹೀಗೆ: 1.07 ಗ್ರಾಂ ಬೆಂಜೈಲ್ಅಮೈನ್ ಮತ್ತು 0.93 ಗ್ರಾಂ ಅನಿಲೀನ್, ಅಂದರೆ ತಲಾ 10 ಮಿಲಿಮೋಲ್, 50 ಮಿಲಿಲೀಟರ್ ಈಥರ್‌ನಲ್ಲಿ ಇವೆ. ಇದನ್ನು 30 ಮಿಲಿಮೋಲ್ NaH2PO4 ಇರುವ 50 ಮಿಲಿಲೀಟರ್ ನೀರಿನ ಜೊತೆ ಕುಲುಕಿ. ಬೆಂಜೈಲ್ಅಮೈನ್ 10 ಮಿಲಿಮೋಲ್ ಪ್ರೊಟಾನ್ ಕಿತ್ತುಕೊಂಡ ಮೇಲೆ 20 ಮಿಲಿಮೋಲ್ H2PO4- ಉಳಿದು 10 ಮಿಲಿಮೋಲ್ HPO4^2- ಆಗಿರುತ್ತದೆ. ಆಗ pH 7ರ ಕೆಳಗೆ, ಅದರ ಹತ್ತಿರವೇ ನಿಲ್ಲುತ್ತದೆ. ಫಾಸ್ಫೇಟ್ ಕಡಿಮೆ ಹಾಕುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. 10 ಮಿಲಿಮೋಲ್ ಮಾತ್ರ ಹಾಕಿದರೆ ಬಫರ್ ಹೆಚ್ಚುಕಮ್ಮಿ ಮುಗಿದು pH 8ರ ಕಡೆಗೆ ಏರುತ್ತದೆ, ಬೆಂಜೈಲ್ಅಮೈನ್‌ನ ಒಂದು ಪಾಲು ಈಥರ್‌ನಲ್ಲೇ ಉಳಿಯುತ್ತದೆ. ಕುಲುಕಿದ ಮೇಲೆ ನೀರಿನ ಪದರದ pH ನೋಡುವುದನ್ನು ಬಿಡಬೇಡಿ.

ಇನ್ನೊಂದು ಎಚ್ಚರ. ಬರಿ ಅನಿಲೀನ್ ಕೂಡ ನೀರಿನಲ್ಲಿ 100 ಮಿಲಿಲೀಟರ್‌ಗೆ ಸುಮಾರು 3.6 ಗ್ರಾಂ ಕರಗುತ್ತದೆ. ಹಾಗಾಗಿ ಅಯಾನಾಗದಿದ್ದರೂ ಸ್ವಲ್ಪ ನೀರಿನ ಪದರಕ್ಕೆ ಬಂದಿರುತ್ತದೆ. ಹೊಸ ಈಥರ್‌ನಿಂದ ನೀರಿನ ಪದರವನ್ನು ಒಂದೆರಡು ಸಲ ತೊಳೆದರೆ ಅದು ವಾಪಸ್ ಹೋಗುತ್ತದೆ, ಅಯಾನಾದ ಬೆಂಜೈಲ್ಅಮೈನ್ ಕದಲುವುದಿಲ್ಲ. ಆಮೇಲೆ NaOH ಹಾಕಿ pH 12 ದಾಟಿಸಿ, ಉಪ್ಪು ತುಂಬಿ, ಈಥರ್‌ಗೆ ಎಳೆದುಕೊಳ್ಳಿ. ಉಪ್ಪು ಯಾಕೆಂದರೆ ಬೆಂಜೈಲ್ಅಮೈನ್ ನೀರಿನ ಜೊತೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತದೆ. ಸಿಕ್ಕಿದ್ದನ್ನು ಗಾಳಿಗೆ ತೆರೆದಿಡಬೇಡಿ, ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡಿದು ಬಿಳಿ ಘನ ಕಟ್ಟುತ್ತದೆ. ಈಥರ್ ಇರುವಲ್ಲಿ ಜ್ವಾಲೆ ಬೇಡವೇ ಬೇಡ.

ಬೇರ್ಪಟ್ಟಿತೇ ಅಂತ ತಿಳಿಯಲು ಎರಡೂ ಪಾಲುಗಳಿಂದ ಒಂದೊಂದು ಹನಿ ತೆಗೆದು HCl ಹಾಕಿ, 0ರಿಂದ 5 ಡಿಗ್ರಿಗೆ ತಣ್ಣಗೆ ಮಾಡಿ, ಸೋಡಿಯಂ ನೈಟ್ರೈಟ್ ಸೇರಿಸಿ. ಬೆಂಜೈಲ್ಅಮೈನ್‌ನಿಂದ ನೈಟ್ರೋಜನ್ ಗುಳ್ಳೆಗಳು ಏಳುತ್ತವೆ. ಅನಿಲೀನ್ ಆ ತಣ್ಣಗಿನಲ್ಲಿ ಡೈಅಜೋನಿಯಂ ಲವಣವಾಗಿ ನಿಲ್ಲುತ್ತದೆ, ಕ್ಷಾರದಲ್ಲಿ ಕರಗಿಸಿದ ಬೀಟಾ ನ್ಯಾಫ್ತಾಲ್ ಹಾಕಿದರೆ ಕಿತ್ತಳೆ ಕೆಂಪು ಬಣ್ಣ ಬರುತ್ತದೆ. ಬೆಂಜೈಲ್ಅಮೈನ್ ಪಾಲಿನಲ್ಲೂ ಆ ಬಣ್ಣ ಕಂಡರೆ ಈಥರ್ ತೊಳೆತ ಸಾಲದಾಗಿದೆ ಅಥವಾ ನೀರಿನ ಪದರದ pH 5ರ ಹತ್ತಿರ ಇಳಿದಿತ್ತು ಅಂತ ತಿಳಿಯಿರಿ.